ಎರಚಲಿನ ಗೆರೆಯ ಆಚೆ ಯಾರೂ ನಿಲ್ಲುವುದಿಲ್ಲ

ಪ್ರಶ್ನೆ: ಆಗುಂಬೆ ರಸ್ತೆಯಲ್ಲಿರುವ ನಮ್ಮ ಊರಿಗೆ ಹೊಸ ಬಸ್ ತಂಗುದಾಣದ ನಕ್ಷೆ ಮತ್ತು ರೆಂಡರ್ ಮಾಡಿ ಪಂಚಾಯಿತಿಗೆ ಕೊಟ್ಟೆ. 6 ಮೀಟರ್ ಉದ್ದ, 2.4 ಮೀಟರ್ ಆಳ, ಮುಂದಿನ ಕಂಬಗಳಿಂದ 0.6 ಮೀಟರ್ ಚಾಚಿದ ಚಪ್ಪಟೆ ತಗಡಿನ ಚಾವಣಿ, ಎತ್ತರ 3 ಮೀಟರ್. ಮಳೆಗಾಲದ ಚಿತ್ರ, ಒಳಗೆ 30 ಜನರನ್ನು ನಿಲ್ಲಿಸಿದ್ದೆ. ಸದಸ್ಯರು ನೋಡಿ, "ಚೆನ್ನಾಗಿದೆ, ಆದರೆ ನಮ್ಮ ಊರಿನ ಹಾಗೆ ಕಾಣುವುದಿಲ್ಲ" ಎಂದರು. ಬಾಳಿಕೆ ಬರುವ ಸಾಮಗ್ರಿ ಎಂದು ಯಾವುದನ್ನು ತೋರಿಸಬೇಕು? ಎಷ್ಟು ಜನರನ್ನು ಹಾಕಿದರೆ ನಂಬುವಂತಿರುತ್ತದೆ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೀವು ಕಳುಹಿಸಿದ ಚಿತ್ರದಲ್ಲಿ ಎಡಗಡೆಯ ಕಂಬದ ಪಕ್ಕ ನೀಲಿ ಅಂಗಿಯವನೊಬ್ಬ ನಿಂತಿದ್ದಾನೆ. ಕೈಯಲ್ಲಿ ಮೊಬೈಲ್, ಕೊಡೆ ಇಲ್ಲ, ಅವನ ಬೆನ್ನ ಹಿಂದೆ ಮಳೆ ಸುರಿಯುತ್ತಿದೆ. ಪುನರ್ವಸು ಮಳೆಯಲ್ಲಿ ಆ ಜಾಗದಲ್ಲಿ ನಿಂತು ಮೊಬೈಲ್ ನೋಡುವವನು ನಿಮ್ಮ ಊರಿನಲ್ಲಿ ಹುಟ್ಟಿಲ್ಲ. ಸದಸ್ಯರ ಕಣ್ಣಿಗೆ ಚುಚ್ಚಿದ್ದು ಇದೇ. ಅದನ್ನು ಇಂಥದ್ದೆಂದು ಬಿಡಿಸಿ ಹೇಳಲು ಅವರಿಗೆ ಆಗಲಿಲ್ಲ, ಅಷ್ಟೇ.

ಇದನ್ನು ನಾನು ಬೈಸಿಕೊಂಡೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಘಟ್ಟದ ಮೇಲಿನ ಒಂದು ಊರಿಗೆ ಇಂಥದ್ದೇ ತಂಗುದಾಣದ ಚಿತ್ರ ಒಯ್ದಿದ್ದೆ. ಸಭೆಯ ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಅಲ್ಲ ಮಾರಾಯರೇ, ಇವರೆಲ್ಲ ಸೂರಿನ ಕೆಳಗೆ ನಿಂತುಕೊಂಡು ಯಾಕೆ ನೆನೆಯುತ್ತಿದ್ದಾರೆ?" ಎಂದು ಕೇಳಿದರು. ಚಿತ್ರದಲ್ಲಿ ಯಾರೂ ನೆನೆದಿರಲಿಲ್ಲ, ಎಲ್ಲರ ಬಟ್ಟೆಯೂ ಇಸ್ತ್ರಿ ಮಾಡಿದಂತಿತ್ತು. ಅವರು ನೋಡಿದ್ದು ಜನ ನಿಂತ ಜಾಗವನ್ನು. ಅಲ್ಲಿ ನಿಂತರೆ ನೆನೆಯಲೇಬೇಕು ಎಂಬುದು ಅವರಿಗೆ ಗೊತ್ತಿತ್ತು.

ಆದ್ದರಿಂದ ಜನರ ಸಂಖ್ಯೆಗೆ ಮೊದಲು ಎರಚಲಿನ ಲೆಕ್ಕ ಮಾಡಿ. ಸೂರಿನ ಅಂಚಿನಿಂದ ಮಳೆ ಎಷ್ಟು ಒಳಗೆ ಬರುತ್ತದೆ ಎಂಬುದು ಎರಡು ವೇಗಗಳ ಮೇಲೆ ನಿಂತಿದೆ: ಹನಿ ಕೆಳಗೆ ಬೀಳುವ ವೇಗ, ಗಾಳಿ ಅದನ್ನು ಪಕ್ಕಕ್ಕೆ ತಳ್ಳುವ ವೇಗ. 2 ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಬೀಳುತ್ತದೆ. ಇನ್ನೂ ದಪ್ಪ ಹನಿಗಳು 9 ಮೀಟರ್‌ವರೆಗೂ ಹೋಗುತ್ತವೆ. ಜೋರು ಮಳೆಗೆ 7 ಎಂದು ಇಟ್ಟುಕೊಳ್ಳೋಣ. ಗಾಳಿ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್; ಆಷಾಢದಲ್ಲಿ ಇದೇನೂ ದೊಡ್ಡ ಗಾಳಿಯಲ್ಲ.

```
ಒಳಬರುವ ದೂರ = ಸೂರಿನ ಎತ್ತರ × (ಗಾಳಿ ÷ ಹನಿ) − ಸೂರಿನ ಚಾಚು
            = 3.0 × (5 ÷ 7) − 0.6
            ≈ 1.5 ಮೀಟರ್
```

ನಿಮ್ಮ ತಂಗುದಾಣದ ಆಳವೇ 2.4 ಮೀಟರ್. ಅದರಲ್ಲಿ 1.5 ಮೀಟರ್ ನೆನೆದರೆ ಹಿಂಗೋಡೆಯ ಬಳಿ ಒಣಗಿ ಉಳಿಯುವುದು 0.9 ಮೀಟರ್‌ನ ಒಂದು ಪಟ್ಟಿ. ಅದರಲ್ಲಿ ಅರ್ಧ ಬೆಂಚಿಗೆ ಹೋಯಿತು, ಇನ್ನರ್ಧ ಕುಳಿತವರ ಮೊಣಕಾಲಿಗೆ ಹೋಯಿತು. ನಿಲ್ಲುವವರಿಗೆ ಜಾಗವೇ ಇಲ್ಲ. ನಿಮ್ಮ 30 ಜನರಲ್ಲಿ ಬೆಂಚಿನ ಮೇಲಿರುವ 12 ಮಂದಿಯನ್ನು ಬಿಟ್ಟರೆ ಉಳಿದ 18 ಮಂದಿ ನೆನೆಯುತ್ತಿದ್ದಾರೆ. ಬಾಗಿಲು ಪಡುವಣಕ್ಕೆ ಅಥವಾ ನೈಋತ್ಯಕ್ಕೆ ತೆರೆದಿದ್ದರೆ ಈ ಲೆಕ್ಕ ಪೂರ್ತಿ ಅನ್ವಯಿಸುತ್ತದೆ, ಏಕೆಂದರೆ ಮುಂಗಾರಿನ ಗಾಳಿ ಬರುವುದು ಆ ಕಡೆಯಿಂದ. ಮೂಡಣಕ್ಕೆ ಮುಖ ಮಾಡಿದ್ದರೆ ಹಿಂಗೋಡೆಯೇ ಏಟು ತಿನ್ನುತ್ತದೆ, ಒಳಗೆ ಸ್ವಲ್ಪ ನೆಮ್ಮದಿ. ನಿಮ್ಮ ನಕ್ಷೆಯಲ್ಲಿ ಉತ್ತರದ ಗುರುತನ್ನೇ ಹಾಕಿಲ್ಲ. ಚಿತ್ರದಲ್ಲಿ ರಸ್ತೆಯ ಇಳಿಜಾರು ನೋಡಿ ಪಡುವಣ ಎಂದು ನಾನೇ ಊಹಿಸಿಕೊಂಡಿದ್ದೇನೆ.

ಇಲ್ಲಿಗೆ ಬಂದ ಮೇಲೆ ರೆಂಡರ್ ತಿದ್ದುವುದಕ್ಕಿಂತ ಚಾವಣಿ ತಿದ್ದುವುದು ಜಾಣತನ. ಮಲೆನಾಡಿನ ಹಳೆಯ ಮನೆಗಳ ಸೂರು ಯಾಕೆ ತಲೆ ತಾಗುವಷ್ಟು ತಗ್ಗಾಗಿರುತ್ತದೆ, ಅದೂ ಸಾಲದೆಂದು ಮಳೆಗಾಲಕ್ಕೆ ಮುಂಚೆ ಗೋಡೆಗೆ ಅಡಿಕೆ ಸೋಗೆ ಯಾಕೆ ಕಟ್ಟುತ್ತಾರೆ ಎಂಬುದಕ್ಕೆ ಮೇಲಿನ ಲೆಕ್ಕವೇ ಉತ್ತರ. ಚಪ್ಪಟೆ ಚಾವಣಿ ಬಿಟ್ಟು, ಕಂಬದ ಸಾಲಿನಲ್ಲಿ 3 ಮೀಟರ್ ಎತ್ತರವನ್ನು ಹಾಗೆಯೇ ಉಳಿಸಿಕೊಂಡು, 30 ಡಿಗ್ರಿ ಇಳಿಜಾರಿನ ಮಾಡನ್ನು 1.2 ಮೀಟರ್ ಮುಂದಕ್ಕೆ ಚಾಚಿ. ಅಷ್ಟು ದೂರದಲ್ಲಿ ಅದು ಸುಮಾರು 0.7 ಮೀಟರ್ ಇಳಿದು, ಸೂರಿನ ಅಂಚು 2.3 ಮೀಟರ್ ಎತ್ತರಕ್ಕೆ ಬರುತ್ತದೆ. ಕೊಡೆ ಬಿಚ್ಚಿಕೊಂಡೇ ಒಳಗೆ ಬರುವವರಿಗೆ ಅಷ್ಟು ಎತ್ತರ ಸಾಕು. ಈಗ ಅದೇ ಗಾಳಿ, ಅದೇ ಹನಿ ಹಾಕಿ ನೋಡಿ: 2.3 ಮೀಟರ್ ಎತ್ತರದಿಂದ ಎರಚಲು 1.6 ಮೀಟರ್ ಓರೆಯಾಗಿ ಬರುತ್ತದೆ, ಅದರಲ್ಲಿ 1.2 ಮೀಟರ್ ಚಾಚಿನಲ್ಲೇ ಕಳೆಯುತ್ತದೆ, ಒಳಗೆ ನೆನೆಯುವುದು 0.4 ಮೀಟರ್ ಮಾತ್ರ. ಒಣ ಜಾಗ 0.9 ಮೀಟರ್‌ನಿಂದ ಸುಮಾರು 2 ಮೀಟರ್‌ಗೆ ಏರಿತು. ಇದಕ್ಕೆ ಒಂದು ಬೆಲೆ ಇದೆ: ಚಾಚಿದ ಸೂರಿಗೆ ಬಸ್ಸಿನ ಕನ್ನಡಿ ತಾಗಬಾರದು. ಸೂರಿನ ಅಂಚು ಬಸ್ಸು ನಿಲ್ಲುವ ಗೆರೆಯಿಂದ ಅರ್ಧ ಮೀಟರ್‌ಗಿಂತ ಹಿಂದೆಯೇ ಇರುವ ಹಾಗೆ ಇಡೀ ಕಟ್ಟಡವನ್ನು ಹಿಂದೆ ಸರಿಸಬೇಕು. ಹಿಂದೆ ಧರೆ ಇದ್ದರೆ ಅದನ್ನು ಕಡಿಯುವ ಪ್ರಶ್ನೆ ಬರುತ್ತದೆ. ಅದನ್ನು ಸ್ಥಳದಲ್ಲೇ ನೋಡಿ ತೀರ್ಮಾನಿಸಿ.

ಈಗ ಜನ. ಒಣ ಜಾಗ 6 ಮೀಟರ್ ಉದ್ದ, 2 ಮೀಟರ್ ಆಳ, ಅಂದರೆ 12 ಚದರ ಮೀಟರ್. ಬೆಂಚನ್ನು ಗೋಡೆಯ ಉದ್ದಕ್ಕೂ ಹಾಕದೆ 4 ಮೀಟರ್‌ಗೆ ನಿಲ್ಲಿಸಿ. ಉಳಿದ ಮೂಲೆ ಮೂಟೆಗಳಿಗೆ ಇರಲಿ. ತಲೆಗೆ ಅರ್ಧ ಮೀಟರ್‌ನಂತೆ ಬೆಂಚಿನಲ್ಲಿ 8 ಜನ ಹಿಡಿಯುತ್ತಾರೆ, ಆದರೆ ಚೀಲಗಳೂ ಕೂರುವುದರಿಂದ ಅದು 6 ಅಥವಾ 7ಕ್ಕೆ ಇಳಿಯುತ್ತದೆ. ಬೆಂಚು ಮತ್ತು ಮೊಣಕಾಲಿನ ಜಾಗ ಕಳೆದರೆ ನಿಲ್ಲಲು ಸುಮಾರು 8 ಚದರ ಮೀಟರ್ ಸಿಗುತ್ತದೆ. ಸಾಲಿನಲ್ಲಿ ಕಾಯುವ ಜನರ ಬಗ್ಗೆ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ 1971ರಲ್ಲಿ ಕೊಟ್ಟ ಅಳತೆಗಳನ್ನು ವಿನ್ಯಾಸಕಾರರು ಇಂದಿಗೂ ಬಳಸುತ್ತಾರೆ. ಅದರ ಪ್ರಕಾರ ಒಬ್ಬರಿಗೆ 0.65ರಿಂದ 0.9 ಚದರ ಮೀಟರ್ ಇದ್ದರೆ ಮೈ ತಾಗದೆ ನಿಲ್ಲಬಹುದು, ಆದರೆ ಓಡಾಡಲು ಪಕ್ಕದವರನ್ನು ಸರಿಸಬೇಕಾಗುತ್ತದೆ. 0.3ಕ್ಕಿಂತ ಕಡಿಮೆಯಾದರೆ ಮೈಗೆ ಮೈ ತಾಗುತ್ತದೆ. ನೀರು ತೊಟ್ಟಿಕ್ಕುವ ಕೊಡೆ ಹಿಡಿದವರ ಪಕ್ಕ ಯಾರೂ ಒತ್ತಿಕೊಂಡು ನಿಲ್ಲುವುದಿಲ್ಲವಾದ್ದರಿಂದ ಮಳೆಗಾಲಕ್ಕೆ 0.9 ಹಿಡಿಯಿರಿ. ನಿಂತವರು 9, ಕುಳಿತವರು 7, ಒಟ್ಟು 16. ಇದು ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯುವ ಹೊತ್ತಿನ, ಅತಿ ಹೆಚ್ಚಿನ ಸಂಖ್ಯೆ.

ಬೇರೆ ಹೊತ್ತಿನಲ್ಲಿ ಅಷ್ಟು ಜನ ಇರುವುದಿಲ್ಲ. ಸ್ಥಳಕ್ಕೆ ಹೋಗಿ ಮೂರು ಬೇರೆ ಹೊತ್ತಿನಲ್ಲಿ ಎಣಿಸಿ: ಶಾಲೆ ಕಾಲೇಜಿನ ಬಸ್ಸಿಗೆ ಮುಂಚೆ, ಹನ್ನೊಂದು ಗಂಟೆಗೆ, ಸಂತೆಯ ದಿನ ಸಂಜೆ. ಬೆಳಗಿನ ಬಸ್ಸು 8.20ಕ್ಕೆ, ಅದನ್ನು ಹತ್ತುವವರು 14 ಜನ ಎಂದು ಎಣಿಕೆ ಸಿಕ್ಕಿತೆಂದುಕೊಳ್ಳೋಣ. ಆ 14 ಜನ ಅರ್ಧ ಗಂಟೆಯಲ್ಲಿ ಒಂದೇ ಸಮ ಬರುವುದಿಲ್ಲ. ಹಳ್ಳಿಯಲ್ಲಿ ಬಸ್ಸಿನ ವೇಳೆ ಎಲ್ಲರಿಗೂ ಬಾಯಿಪಾಠ. 8 ಗಂಟೆಗೆ ಅಲ್ಲಿರುವವರು ಇಬ್ಬರು: ಆಸ್ಪತ್ರೆಗೆ ಹೊರಟ ಅಜ್ಜಿ, ಅವರನ್ನು ಕರೆತಂದ ಮೊಮ್ಮಗ. 8.10ಕ್ಕೆ ಆರು, 8.18ಕ್ಕೆ ಹದಿಮೂರು. ಹದಿನಾಲ್ಕನೆಯವನು ಗದ್ದೆಯ ಬದುವಿನ ಮೇಲೆ ಓಡಿ ಬರುತ್ತಿರುತ್ತಾನೆ. ಹಾಗಾಗಿ "ಎಷ್ಟು ಜನ" ಎಂಬ ಪ್ರಶ್ನೆಗೆ ಮುಂಚೆ "ಎಷ್ಟು ಗಂಟೆ" ಎಂದು ಕೇಳಿಕೊಳ್ಳಿ. ಪಂಚಾಯಿತಿಗೆ ಕೊಡುವ ಮುಖ್ಯ ಚಿತ್ರಕ್ಕೆ ನಾನಾದರೆ 8.10 ಆರಿಸುತ್ತೇನೆ. ಆರು ಜನರಿದ್ದರೆ ಬೆಂಚು, ಗೋಡೆ, ನೆಲ ಎಲ್ಲವೂ ಕಾಣುತ್ತವೆ. ಹದಿನಾರರ ಚಿತ್ರವನ್ನು ಚಿಕ್ಕದಾಗಿ ಪಕ್ಕಕ್ಕೆ ಇಡಿ. ಎಷ್ಟು ಜನ ಹಿಡಿಯುತ್ತಾರೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಜನರನ್ನು ಹರಡುವ ಕ್ರಮದಲ್ಲಿ ನೀವು ಬ್ಲೆಂಡರ್ ತಂತ್ರಾಂಶದ `Distribute Points on Faces` ಬಳಸಿ `Poisson Disk` ಇಟ್ಟಿರಬೇಕು. ಎಲ್ಲರ ನಡುವೆಯೂ ಅಳೆದ ಹಾಗೆ ಒಂದೇ ಅಂತರ ಇದೆ. ಹುಲ್ಲಿಗೆ, ಜಲ್ಲಿಗೆ ಅದು ಸರಿ. ಆದರೆ ಜನ ಗುಂಪಾಗಿ ಬರುತ್ತಾರೆ, ಗುಂಪಾಗಿಯೇ ನಿಲ್ಲುತ್ತಾರೆ. ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಖಾಲಿ ಬಿಡುತ್ತಾರೆ. ಇಷ್ಟು ಕಡಿಮೆ ಜನರಿಗೆ ಯಂತ್ರದ ಹಂಗೇ ಬೇಡ, ಒಬ್ಬೊಬ್ಬರನ್ನಾಗಿ ಕೈಯಿಂದಲೇ ಇಡಿ. ಆರು ಜನ ಎಂದರೆ ನನ್ನ ಲೆಕ್ಕದಲ್ಲಿ ಹೀಗೆ: ಬೆಂಚಿನ ಒಂದು ತುದಿಗೆ ಅಜ್ಜಿ, ಪಕ್ಕದಲ್ಲಿ ಬಟ್ಟೆ ಚೀಲ, ಅದರಾಚೆ ಮೊಮ್ಮಗ, ನಡುವಿನ ಬೆಂಚು ಖಾಲಿ, ಇನ್ನೊಂದು ತುದಿಯ ಹತ್ತಿರ ಒಂದೇ ಕೊಡೆಯಲ್ಲಿ ಬಂದ ಇಬ್ಬರು ಕಾಲೇಜು ಹುಡುಗಿಯರು ನಿಂತು ಮಾತನಾಡುತ್ತಿದ್ದಾರೆ, ಕೊಡೆ ಮಡಚಿ ಗೋಡೆಗೆ ಒರಗಿಸಿದೆ, ಅದರ ಕೆಳಗೆ ಸಣ್ಣ ನೀರಿನ ಮಡು, ಮೂಲೆಯಲ್ಲಿ ಅಡಿಕೆ ಮೂಟೆ, ಅದಕ್ಕೆ ಆತುಕೊಂಡು ಅದರ ಯಜಮಾನ. ಇನ್ನೊಬ್ಬನ ವಿಷಯ ಕೊನೆಗೆ ಹೇಳುತ್ತೇನೆ. ತಲೆಗೆ ಗೊರಬು ಹಾಕಿದ ರೈತನನ್ನು ಮಾತ್ರ ದಯವಿಟ್ಟು ತರಬೇಡಿ. ಅದು ಚೆಂದ ನಿಜ, ಆದರೆ ಈಗ ನೆಟ್ಟಿ ಗದ್ದೆಯಲ್ಲೂ ಕಾಣುವುದು ಪ್ಲಾಸ್ಟಿಕ್ ಕೊಪ್ಪೆ.

ಸಾಮಗ್ರಿಯ ವಿಷಯಕ್ಕೆ ಬಂದರೆ, ನಿಮ್ಮ ಚಿತ್ರದಲ್ಲಿ ಎಲ್ಲವೂ ನಿನ್ನೆ ಕಟ್ಟಿದ ಹಾಗಿದೆ. ಬಾಳಿಕೆಯನ್ನು ತೋರಿಸಬೇಕಾದರೆ ಐದು ಮಳೆಗಾಲ ಕಳೆದ ಮೇಲೆ ಕಟ್ಟಡ ಹೇಗಿರುತ್ತದೆ ಎಂದು ತೋರಿಸಬೇಕು. ಮೊದಲು ಹಾಳಾಗುವುದು ನೆಲದಿಂದ ಮೊಣಕಾಲೆತ್ತರದವರೆಗಿನ ಗೋಡೆ. ಸೂರಿನ ನೀರು ನೆಲಕ್ಕೆ ಬಡಿದು ಕೆಸರಿನೊಂದಿಗೆ ಅಷ್ಟು ಎತ್ತರಕ್ಕೆ ಸಿಡಿಯುತ್ತದೆ, ಬಸ್ಸಿನ ಚಕ್ರ ಇನ್ನಷ್ಟು ಸೇರಿಸುತ್ತದೆ. ಅಲ್ಲಿ ಜಂಬಿಟ್ಟಿಗೆ ಇದ್ದರೆ ಅದರ ತೂತುಗಳಲ್ಲಿ ನೀರು ನಿಂತು ಪಾಚಿ ಹಿಡಿಯುತ್ತದೆ, ಸುಣ್ಣ ಬಳಿದ ಗೋಡೆಯಾದರೆ ಪದರ ಏಳುತ್ತದೆ. ಆದ್ದರಿಂದ ಕೆಳಗಿನ 45 ಸೆಂಟಿಮೀಟರ್ ಕಣಶಿಲೆ, ಮೇಲೆ ಜಂಬಿಟ್ಟಿಗೆ. ಬೆಂಚು 6 ಸೆಂಟಿಮೀಟರ್ ದಪ್ಪದ ಕಲ್ಲು ಚಪ್ಪಡಿ, ನೀರು ನಿಲ್ಲದಂತೆ ಮುಂದಕ್ಕೆ ಕೂದಲೆಳೆಯಷ್ಟು ಇಳಿಜಾರು. ನೆಲಕ್ಕೆ ನೀವು ಹೊಳೆಯುವ ಕಡಪ ಕಲ್ಲು ತೋರಿಸಿದ್ದೀರಿ. ಒದ್ದೆಯಾದರೆ ಅದರ ಮೇಲೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಒರಟಾಗಿ ಕೆತ್ತಿದ ಕಲ್ಲೇ ಇರಲಿ.

ಕಂಬಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೇಕಿಲ್ಲ. ಕಡಲ ತೀರದ ಉಪ್ಪು ಗಾಳಿ ಇಲ್ಲಿಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣ ಸಾಕು. 6 ಮಿಲಿಮೀಟರ್‌ಗಿಂತ ದಪ್ಪದ ಕಬ್ಬಿಣಕ್ಕೆ ಆ ಲೇಪ ಸರಾಸರಿ 85 ಮೈಕ್ರಾನ್ ಇರಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ವರ್ಷಕ್ಕೆ 2 ಮೈಕ್ರಾನ್ ಸವೆದರೂ ನಾಲ್ಕು ದಶಕ ಬಂತು. ಆದರೆ ಸ್ಥಳದಲ್ಲಿ ವೆಲ್ಡಿಂಗ್ ಮಾಡಿದ ಕಡೆ ಸತುವು ಸುಟ್ಟುಹೋಗಿ, ಮೊದಲ ಮಳೆಗಾಲದಲ್ಲೇ ಅಲ್ಲಿಂದ ತುಕ್ಕಿನ ಗೆರೆ ಇಳಿಯುತ್ತದೆ. ಕತ್ತರಿಸುವುದು, ತೂತು ಕೊರೆಯುವುದು ಎಲ್ಲ ಮುಗಿಸಿ ಆಮೇಲೆ ಸತುವಿಗೆ ಅದ್ದಿಸಿ, ಸ್ಥಳದಲ್ಲಿ ಬೋಲ್ಟ್ ಮಾತ್ರ ಬಿಗಿಯಬೇಕು. ರೆಂಡರಿನಲ್ಲಿ ಬೋಲ್ಟಿನ ತಲೆ ಕಾಣಿಸಿದರೆ ಗುತ್ತಿಗೆದಾರರಿಗೆ ಹೇಳಿದ ಹಾಗೂ ಆಯಿತು. ಆ ಕಂಬಕ್ಕೆ ಕನ್ನಡಿಯ ಹೊಳಪು ಕೊಡಬೇಡಿ, ವರ್ಷ ಎರಡು ವರ್ಷದಲ್ಲಿ ಅದು ಮಂಕು ಬೂದಿಯಾಗುತ್ತದೆ.

ಮಾಡಿಗೆ ಮಂಗಳೂರು ಹಂಚು ಹಾಕಿದರೆ ಚೆಂದ, 30 ಡಿಗ್ರಿ ಇಳಿಜಾರು ಅದಕ್ಕೆ ಹೊಂದುತ್ತದೆ. ಆದರೆ ಮಂಗಗಳು ಹಂಚು ಸರಿಸಿದ ದಿನ ಏಣಿ ಹಿಡಿದು ಬರುವವರು ಯಾರು ಎಂದು ಸಭೆಯಲ್ಲಿ ಕೇಳಿ. ಮನೆಯಾದರೆ ಯಜಮಾನ ಹತ್ತುತ್ತಾನೆ, ಬಸ್ ತಂಗುದಾಣಕ್ಕೆ ಯಜಮಾನನಿಲ್ಲ. ಉತ್ತರ ಬರದಿದ್ದರೆ ಬಣ್ಣದ ತಗಡು ಹಾಕಿ, ಕೆಳಗೆ ಮರದ ಹಲಗೆಯ ಒಳಮಾಡು ಕೊಡಿ. ಇಲ್ಲದಿದ್ದರೆ ಜೋರು ಮಳೆಯಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ಇನ್ನು ಒದ್ದೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಎಲ್ಲದಕ್ಕೂ ಒಂದೇ ಹೊಳಪು ಬಳಿಯುವುದು. ನೀರು ಕುಡಿಯುವ ವಸ್ತು ಒದ್ದೆಯಾದಾಗ ಕಪ್ಪಾಗುತ್ತದೆ, ಕುಡಿಯದ ವಸ್ತು ಕಪ್ಪಾಗುವುದಿಲ್ಲ. ಜಂಬಿಟ್ಟಿಗೆ, ಹಂಚು, ಮಣ್ಣು, ಹತ್ತಿ ಬಟ್ಟೆಗಳ ಬಣ್ಣವನ್ನು ಒದ್ದೆ ಜಾಗದಲ್ಲಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಿ. `Roughness` ಒಣಗಿದಾಗ 0.9 ಇದ್ದರೆ ಒದ್ದೆಗೆ 0.4ರ ಆಸುಪಾಸು ತನ್ನಿ. ಸತುವಿನ ಕಂಬದ ಬಣ್ಣವನ್ನು ಮುಟ್ಟಲೇಬೇಡಿ, ಅದರ ಮೇಲೆ ಹನಿ ಮತ್ತು ನೀರಿನ ಗೆರೆ ಇದ್ದರೆ ಸಾಕು.

ಆ ಒದ್ದೆ ಎಲ್ಲಿ ನಿಲ್ಲಬೇಕು? ನಾವು ಮೊದಲು ಲೆಕ್ಕ ಹಾಕಿದ 0.4 ಮೀಟರ್‌ನ ಗೆರೆಯಲ್ಲಿ. ನೆಲದ ಮೇಲೆ `wet` ಎಂಬ ಒಂದು ಪಟ್ಟಿ ಮಾಡಿಕೊಳ್ಳಿ, ಗೆರೆಯ ಹೊರಗೆ 1, ಒಳಗೆ 0. ಗೆರೆ ನೇರವಾಗಿರದೆ ಅಂಗೈ ಅಗಲದಷ್ಟು ಏರುಪೇರಾಗಿರಲಿ, ಗಾಳಿ ಅಡಿಗೋಲು ಹಿಡಿದು ಬೀಸುವುದಿಲ್ಲ. ನೆಲದ ಬಣ್ಣವನ್ನೂ ಹೊಳಪನ್ನೂ ಆ ಒಂದೇ ಪಟ್ಟಿ ನಡೆಸಲಿ, ಜನರನ್ನು ಇಡುವಾಗಲೂ ಅದೇ ಗೆರೆ ಕಣ್ಣ ಮುಂದಿರಲಿ. ಸಂತೆ ದಿನದ ದೊಡ್ಡ ಚಿತ್ರಕ್ಕೆ ಯಂತ್ರದಿಂದಲೇ ಹರಡುವುದಾದರೆ, ಆ ಪಟ್ಟಿಯನ್ನು ತಿರುವುಮುರುವು ಮಾಡಿ, ಅಂದರೆ ಒದ್ದೆಗೆ 0, ಒಣ ಜಾಗಕ್ಕೆ 1 ಆಗುವಂತೆ, `Density Factor`ಗೆ ಜೋಡಿಸಿ. ಒದ್ದೆ ನೆಲದಲ್ಲಿ ಯಾರೂ ಮೊಳೆಯುವುದಿಲ್ಲ. ಒಣ ಭಾಗದಲ್ಲೂ ಬಂದವರ ಕಾಲಿನ ಒದ್ದೆ ಗುರುತು ಇರಬೇಕು: ಒಳಬರುವ ಕಡೆ ಹೆಚ್ಚು, ಬೆಂಚಿನ ಮುಂದೆ ಸ್ವಲ್ಪ, ಮೂಲೆಯಲ್ಲಿ ಇಲ್ಲ.

ಬೆಳಕಿಗೆ ಸೂರ್ಯನ ದೀಪವನ್ನು ನಂದಿಸಿ, ಮೋಡದ ಆಕಾಶವೊಂದೇ ಸಾಕು. ನಿಮ್ಮ ಚಿತ್ರದಲ್ಲಿ ಮಳೆಯೂ ಇದೆ, ಕಂಬದ ಕಡುನೆರಳೂ ಇದೆ. ಅಂಥ ಬಿಸಿಲು ಮಳೆ ನರಿಯ ಮದುವೆಗೆ ಸರಿ, ಪುನರ್ವಸುವಿಗೆ ಅಲ್ಲ. ಮಳೆಯ ಗೆರೆಗಳು ನಿಮ್ಮಲ್ಲಿ ಒಂದೊಂದು ಮೀಟರ್ ಉದ್ದ ಇವೆ. ಸೆಕೆಂಡಿನ ಅರವತ್ತನೇ ಒಂದು ಪಾಲಿನಲ್ಲಿ ತೆಗೆದ ಫೋಟೊ ಎಂದುಕೊಂಡರೆ, 7 ಮೀಟರ್ ವೇಗದ ಹನಿ 12 ಸೆಂಟಿಮೀಟರ್ ಗೆರೆ ಎಳೆಯುತ್ತದೆ. ಅಷ್ಟೇ ಇರಲಿ, ಅದೂ ಕಪ್ಪು ಮರಗಳ ಹಿನ್ನೆಲೆಯಲ್ಲಿ ಮಾತ್ರ ಕಾಣಲಿ. ಓರೆಯೂ ಲೆಕ್ಕದ ಓರೆಯೇ ಆಗಿರಬೇಕು, ಲಂಬದಿಂದ ಸುಮಾರು 35 ಡಿಗ್ರಿ.

ಎತ್ತರದಲ್ಲೂ ಒಂದು ತೊಡಕಿದೆ. ನೀವು ಇಳಿಸಿಕೊಂಡ ಮಾದರಿಗಳು ಹೊರದೇಶದವು, ಒಬ್ಬೊಬ್ಬರೂ 1.8 ಮೀಟರ್. ಅವರ ಪಕ್ಕದಲ್ಲಿ ಕಟ್ಟಡ ಕುಗ್ಗಿ ಕಾಣುತ್ತದೆ, ಬೆಂಚು ಮಕ್ಕಳದ್ದೆನಿಸುತ್ತದೆ. ಗಂಡಸರನ್ನು 1.65ಕ್ಕೆ, ಹೆಂಗಸರನ್ನು 1.52ಕ್ಕೆ ಇಳಿಸಿ, ಅಜ್ಜಿಯನ್ನು ಇನ್ನೂ ಸ್ವಲ್ಪ ಕಡಿಮೆ ಮಾಡಿ. ಕ್ಯಾಮೆರಾವನ್ನು ಅಡ್ಡಮಟ್ಟಕ್ಕೆ 1.5 ಮೀಟರ್ ಎತ್ತರದಲ್ಲಿ ಇಟ್ಟರೆ ದಿಗಂತದ ಗೆರೆ ಸಮನೆಲದಲ್ಲಿ ನಿಂತ ಗಂಡಸರ ಕಣ್ಣಿಗಿಂತ ತುಸು ಕೆಳಗೆ, ಹೆಂಗಸರ ನೆತ್ತಿಯ ಹತ್ತಿರ ಹಾಯಬೇಕು, ಅವರು ಹತ್ತಿರ ಇರಲಿ ದೂರ ಇರಲಿ. ಚಿತ್ರದ ಮೇಲೆ ಒಂದು ಅಳತೆಪಟ್ಟಿ ಇಟ್ಟು ನೋಡಿ. ಯಾರದ್ದಾದರೂ ಎದೆಯ ಮೇಲೆ ಗೆರೆ ಹಾಯ್ದರೆ ಅವನು ರಾಕ್ಷಸ, ಇಲ್ಲವೇ ಗಾಳಿಯಲ್ಲಿ ತೇಲುತ್ತಿದ್ದಾನೆ.

ಆ ಆರನೆಯವನು. ನಿಮ್ಮ ನಕ್ಷೆಯಲ್ಲಿ ಎರಡೂ ಪಕ್ಕದ ಗೋಡೆ ಪೂರ್ತಿ ಮುಚ್ಚಿದೆ. ಬಸ್ಸು ಬರುವುದು ತೀರ್ಥಹಳ್ಳಿಯ ಕಡೆಯ ತಿರುವಿನಿಂದ. ಒಳಗೆ ಕುಳಿತವರಿಗೆ ಆ ತಿರುವು ಕಾಣುವುದಿಲ್ಲ. ಹೀಗಿದ್ದರೆ ಪ್ರತಿ ಸಲವೂ ಒಬ್ಬ ಮಳೆಯಲ್ಲಿ ಹೊರಗೆ ನಿಂತು ಇಣುಕುತ್ತಿರುತ್ತಾನೆ, ಉಳಿದವರು ಅವನ ಮುಖ ನೋಡುತ್ತಿರುತ್ತಾರೆ. ನಿಮ್ಮ ಈಗಿನ ನಕ್ಷೆಯನ್ನೇ ಉಳಿಸಿಕೊಂಡರೆ ಅವನನ್ನು ಹೊರಗೆ ನೆನೆಯುತ್ತಾ ನಿಲ್ಲಿಸಬೇಕಾಗುತ್ತದೆ, ಅದೇ ನಿಜವಾದ ಚಿತ್ರ. ತಿರುವಿನ ಕಡೆಯ ಗೋಡೆಯಲ್ಲಿ, ಕುಳಿತವರ ಕಣ್ಣಿನ ಮಟ್ಟದಿಂದ ನಿಂತವರ ಕಣ್ಣಿನ ಮಟ್ಟದವರೆಗೆ, ಅಂದರೆ ನೆಲದಿಂದ 1 ಮೀಟರ್‌ನಿಂದ 1.7 ಮೀಟರ್‌ವರೆಗೆ ಒಂದು ಉದ್ದನೆಯ ಕಿಂಡಿ ಕೊಟ್ಟು, ಅದಕ್ಕೆ ಹೊರಗಿನಿಂದ ಚಿಕ್ಕ ಹಂಚಿನ ಮುಂಜೂರು ಇಳಿಸಿದರೆ ಅವನು ಒಳಗೆ ಬರುತ್ತಾನೆ. ಆಗ ಅವನನ್ನು ಆ ಕಿಂಡಿಯ ಪಕ್ಕ, ಗೋಡೆಗೆ ಒಂದು ಕೈ ಊರಿಕೊಂಡು ತಿರುವಿನತ್ತ ನೋಡುವ ಹಾಗೆ ನಿಲ್ಲಿಸಿ. ಮೊಬೈಲ್ ಜೇಬಿನಲ್ಲಿರಲಿ.